ಎಚ್ಚರಿಕೆಯ ಸಾಲಿಗೆ ಬೇಕಾದ ಏಳು ಸೆಕೆಂಡು

ಮ್ಯೂಚುವಲ್ ಫಂಡ್ ಜಾಹೀರಾತು ಮುಗಿಯುವ ಹೊತ್ತಿಗೆ ಒಂದು ದನಿ ಓಡೋಡಿ ಬಂದು ಏನನ್ನೋ ಒದರಿ ಹೋಗುತ್ತದೆ. ರೇಡಿಯೊದಲ್ಲಿ ಕೇಳಿದವರಿಗೆ ಅದರ ರಾಗ ನೆನಪಿರುತ್ತದೆ, ಮಾತು ನೆನಪಿರುವುದಿಲ್ಲ. ‘ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆ ಅಪಾಯಗಳಿಗೆ ಒಳಪಟ್ಟಿರುತ್ತವೆ, ಯೋಜನೆಗೆ ಸಂಬಂಧಿಸಿದ ಎಲ್ಲಾ ದಾಖಲೆಗಳನ್ನು ಗಮನವಿಟ್ಟು ಓದಿ.’ ಇಡೀ ಜಾಹೀರಾತಿನಲ್ಲಿ ಹೂಡಿಕೆದಾರನ ಪರವಾಗಿ ನಿಲ್ಲುವ ಮಾತು ಇದೊಂದೇ. ಕಿವಿಗೆ ಬೀಳದ ಹಾಗೆ ಹೇಳುವುದೂ ಇದನ್ನೇ.

ಈ ಧಾವಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಕಣ್ಣಿಗೂ ಬಿದ್ದಿತ್ತು. ಎಚ್ಚರಿಕೆಯನ್ನು ಗಡಿಬಿಡಿಯಲ್ಲಿ ಓದಿ ಮುಗಿಸುವ ಚಾಳಿಗೆ ತಡೆ ಹಾಕಲು ಅದು 2008ರಲ್ಲಿ ಒಂದು ಅಳತೆ ಗೊತ್ತುಮಾಡಿತು. ಟಿವಿಯಂಥ ಮಾಧ್ಯಮದಲ್ಲಿ ಈ ಸಾಲು ಪರದೆಯ ಮೇಲೂ ಇರಬೇಕು, ದನಿಯಲ್ಲೂ ಬರಬೇಕು, ಕನಿಷ್ಠ 5 ಸೆಕೆಂಡಾದರೂ ಉಳಿಯಬೇಕು. ಮ್ಯೂಚುವಲ್ ಫಂಡ್‌ಗಳ 1996ರ ನಿಯಮಾವಳಿಯ ಆರನೇ ಅನುಸೂಚಿಗೆ ಸೇರಿದ ಜಾಹೀರಾತು ಸಂಹಿತೆ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. 14 ಪದಗಳ ಎಚ್ಚರಿಕೆ ಕನಿಷ್ಠ 5 ಸೆಕೆಂಡು ನಡೆದರೆ ಅದು ಸ್ಪಷ್ಟ, ಅರ್ಥವಾಗುವಂಥದ್ದು ಎಂದು ಎಣಿಸಬಹುದು. ಅಕ್ಷರಗಳು ಓದಲು ಬರುವಂತಿರಬೇಕು. ಸಾಲಿಗೆ ಒಂದು ಪದ ಸೇರಿಸುವಂತಿಲ್ಲ, ಒಂದು ಪದ ಕೀಳುವಂತಿಲ್ಲ.

ಆ 14 ಪದಗಳು ಇಂಗ್ಲಿಷಿನವು. ಕನ್ನಡದ ತೊಡಕು ಶುರುವಾಗುವುದು ಇಲ್ಲಿಂದಲೇ.

ಇಂಗ್ಲಿಷಿನ ಸಾಲನ್ನು ಬಾಯಲ್ಲಿ ಆಡಿ ಉಚ್ಚಾರದ ತುಣುಕುಗಳನ್ನು ಎಣಿಸಿದರೆ 26 ಸಿಗುತ್ತವೆ. 5 ಸೆಕೆಂಡಿಗೆ 26 ಅಂದರೆ ಸೆಕೆಂಡಿಗೆ ಐದು ಚಿಲ್ಲರೆ. ನಿಧಾನವಾದ, ನೆಮ್ಮದಿಯ ಓದು. ಕನ್ನಡದ ಸಾಲಿನಲ್ಲಿ ಪದಗಳು 12 ಮಾತ್ರ, ಆದರೆ ಉಚ್ಚಾರದ ತುಣುಕುಗಳು 50. ‘ಒಳಪಟ್ಟಿರುತ್ತವೆ’ ಎಂಬ ಒಂದೇ ಪದಕ್ಕೆ ಏಳು ಬೇಕು. ವಿಭಕ್ತಿ, ಬಹುವಚನ, ಕ್ರಿಯಾಪದದ ಬಾಲ ಎಲ್ಲವೂ ಪದದೊಳಗೇ ಅಂಟಿಕೊಳ್ಳುವ ಭಾಷೆ ಇದು. ಹಾಗಾಗಿ ಪದಗಳ ಲೆಕ್ಕದಲ್ಲಿ ಚಿಕ್ಕದಾಗಿ ಕಂಡದ್ದು ನಾಲಿಗೆಯ ಲೆಕ್ಕದಲ್ಲಿ ದುಪ್ಪಟ್ಟಾಗುತ್ತದೆ. ಇದನ್ನು 5 ಸೆಕೆಂಡಿಗೆ ತುರುಕಿದರೆ ಸೆಕೆಂಡಿಗೆ ಹತ್ತು ತುಣುಕು. ಆ ವೇಗದಲ್ಲಿ ಒತ್ತಕ್ಷರಗಳು ಸವೆದು ಹೋಗುತ್ತವೆ, ‘ಅಪಾಯಗಳಿಗೆ’ ಎಂಬುದು ಮುಂದಿನ ಪದದೊಳಗೆ ಕರಗುತ್ತದೆ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಯಾರು ಬೇಕಾದರೂ ಪರೀಕ್ಷಿಸಬಹುದು. ವಾರ್ತೆ ಓದುವ ಹದದಲ್ಲಿ ಈ ಸಾಲು ಮುಗಿಯಲು ಏಳೆಂಟು ಸೆಕೆಂಡು ಹಿಡಿಯುತ್ತದೆ. 5 ಸೆಕೆಂಡು ಎಂಬುದು ಕನಿಷ್ಠ ಮಿತಿ. ಅದಕ್ಕಿಂತ ಹೆಚ್ಚು ಕೊಡಬಾರದೆಂದು ಯಾರೂ ಹೇಳಿಲ್ಲ. ಕನ್ನಡದ ಜಾಹೀರಾತು ಬರೆಯುವವರು 30 ಸೆಕೆಂಡಿನ ಸ್ಕ್ರಿಪ್ಟಿನಲ್ಲಿ ಎಚ್ಚರಿಕೆಗೆ ಮೊದಲೇ ಏಳೆಂಟು ಸೆಕೆಂಡು ಎತ್ತಿಟ್ಟು, ಉಳಿದ ಮಾತನ್ನು ಮಿಕ್ಕ ಸಮಯಕ್ಕೆ ಹೊಂದಿಸಬೇಕು. ಸಾಮಾನ್ಯವಾಗಿ ಆಗುವುದು ಇದರ ತಿರುಗುಮುರುಗು.

ಈಗ ಜಾಹೀರಾತು ಟಿವಿ, ರೇಡಿಯೊ ಬಿಟ್ಟು ಮೊಬೈಲಿಗೆ ಬಂದಿದೆ. ಹೂಡಿಕೆ ಅರಿವು, ವಿಮೆ ಅರಿವು ಎಂಬ ಹೆಸರಿನಲ್ಲಿ ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲಿನ ಬರಹ. ಕ್ಯಾಪ್ಶನ್ ಎಂದು ಎಲ್ಲರೂ ಕರೆಯುವ ಈ ಸಣ್ಣ ಬರಹದಲ್ಲಿ ಎಚ್ಚರಿಕೆ ಎಲ್ಲಿ ಕೂರಬೇಕು, ಎಷ್ಟಿರಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದೇ ನೋಡುವುದು ಒಳ್ಳೆಯದು.

ದಾವಣಗೆರೆಯಂಥ ಊರಿನ ಒಬ್ಬ ಮ್ಯೂಚುವಲ್ ಫಂಡ್ ವಿತರಕರು ಇನ್‌ಸ್ಟಾಗ್ರಾಮ್‌ಗೆ ಹೀಗೆ ಬರೆದಿದ್ದಾರೆ ಎಂದುಕೊಳ್ಳಬಹುದು: ‘ದಿನಕ್ಕೆ ಬರೀ 167 ರೂಪಾಯಿ ಉಳಿಸಿ, 20 ವರ್ಷಕ್ಕೆ 50 ಲಕ್ಷದ ಒಡೆಯರಾಗಿ! ಮಕ್ಕಳ ಓದು, ಮದುವೆ, ಸ್ವಂತ ಮನೆ, ಎಲ್ಲ ಚಿಂತೆಗೂ ಒಂದೇ ಉತ್ತರ ಎಸ್ಐಪಿ. ಇಂದೇ ಕರೆ ಮಾಡಿ.’ ಇದಾದ ಮೇಲೆ ಹದಿನೈದು ಹ್ಯಾಶ್‌ಟ್ಯಾಗು. ಅವುಗಳ ಬುಡದಲ್ಲಿ, ಇಂಗ್ಲಿಷಿನಲ್ಲಿ, ಎಚ್ಚರಿಕೆಯ ಸಾಲು. ಇಂಥ ಕ್ಯಾಪ್ಶನ್ ದಿನವೂ ಕಣ್ಣಿಗೆ ಬೀಳುತ್ತದೆ. ಮೇಲ್ನೋಟಕ್ಕೆ ನಿಯಮ ಪಾಲಿಸಿದಂತೆಯೂ ಕಾಣುತ್ತದೆ.

ಮೊದಲು 50 ಲಕ್ಷದ ಲೆಕ್ಕ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ ಕೈಯಿಂದ ಹೋಗುವುದು 12 ಲಕ್ಷ. ವರ್ಷಕ್ಕೆ ಶೇ. 12ರ ದರದಲ್ಲಿ, ಒಂದು ತಿಂಗಳೂ ಏರುಪೇರಿಲ್ಲದೆ ಬೆಳೆದರೆ ಅದು ಸುಮಾರು 50 ಲಕ್ಷವಾಗುತ್ತದೆ. ದರ ಶೇ. 8 ಆದರೆ ಸಿಗುವುದು 30 ಲಕ್ಷಕ್ಕೂ ಸ್ವಲ್ಪ ಕಡಿಮೆ. ಅಂದರೆ ಕ್ಯಾಪ್ಶನ್ನಿನ ಇಡೀ ಆಕರ್ಷಣೆ ನಿಂತಿರುವುದು ಅದು ಹೇಳದೇ ಬಿಟ್ಟ ಒಂದು ಊಹೆಯ ಮೇಲೆ. ಊಹೆ, ಮುನ್ನಂದಾಜುಗಳನ್ನು ಆಧರಿಸಿದ ಮಾತು ಇರಕೂಡದು, ಹೂಡಿಕೆದಾರರ ಅನುಭವದ ಕೊರತೆಯನ್ನು ಬಳಸಿಕೊಳ್ಳಬಾರದು, ಉತ್ಪ್ರೇಕ್ಷೆಯ ಘೋಷಣೆ ಬೇಡ ಎಂದೆಲ್ಲ ಸೆಬಿಯ ಆ ಸಂಹಿತೆ ಹೇಳಿದ್ದು ಇಂಥದ್ದನ್ನು ಮನಸ್ಸಿನಲ್ಲಿಟ್ಟೇ.

ಈಗ ಇದೇ ಕ್ಯಾಪ್ಶನ್ನಿಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ ಎಚ್ಚರಿಕೆ ಹಾಕಿದರೆ ಸರಿಹೋಗುವುದೇ? ಹೋಗುವುದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ. ಜಾಹೀರಾತಿನ ಅಡಿಟಿಪ್ಪಣಿ ಮೇಲಿನ ಮಾತನ್ನು ವಿವರಿಸಬಹುದು, ಸ್ಪಷ್ಟಪಡಿಸಬಹುದು. ಆ ಮಾತಿಗೆ ಅದು ಎದುರಾಗಿ ನಿಲ್ಲುವಂತಿಲ್ಲ, ತಿಳಿಯಲೇಬೇಕಾದ ಸಂಗತಿಯನ್ನು ಮರೆಮಾಚುವಂತಿಲ್ಲ, ದಾರಿ ತಪ್ಪಿಸುವ ಹೇಳಿಕೆಯನ್ನು ಹಿಂದಿನಿಂದ ತಿದ್ದುವ ಸಾಧನವೂ ಆಗುವಂತಿಲ್ಲ. ‘50 ಲಕ್ಷದ ಒಡೆಯರಾಗಿ’ ಎಂದು ಮಾತು ಕೊಟ್ಟು, ಕೆಳಗೆ ‘ಅಪಾಯ ಇರುತ್ತದೆ’ ಎನ್ನುವುದು ತಿದ್ದುಪಡಿಯೇ ಹೊರತು ವಿವರಣೆಯಲ್ಲ. ಹಾಗಾಗಿ ಎಚ್ಚರಿಕೆಯನ್ನು ಓದಿಸುವ ಕೆಲಸ ಶುರುವಾಗಬೇಕಾದದ್ದು ಎಚ್ಚರಿಕೆಯಿಂದಲ್ಲ, ತಲೆಬರಹದಿಂದ. ಮೇಲಿನ ಸಾಲು ಪ್ರಾಮಾಣಿಕವಾದರೆ ಕೆಳಗಿನ ಸಾಲಿನ ಮೇಲೆ ಹೊರೆ ಕಡಿಮೆ.

ಅದೇ ಮಾರ್ಗಸೂಚಿಯಲ್ಲಿ ಕನ್ನಡ ಓದುಗರಿಗೆ ಬಹಳ ಬೇಕಾದ ಮಾತೊಂದಿದೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು, ಅದೇ ಅಕ್ಷರ ವಿನ್ಯಾಸದಲ್ಲಿರಬೇಕು, ಕಣ್ಣಿಗೆ ಎದ್ದು ಕಾಣುವ ಜಾಗದಲ್ಲಿರಬೇಕು. ಹೇಳಿಕೆ ದನಿಯಲ್ಲಿದ್ದರೆ ಟಿಪ್ಪಣಿಯೂ ಅದೇ ವೇಗದಲ್ಲಿ ಜೊತೆಜೊತೆಗೇ ಬರಬೇಕು. ಆಸೆ ಕನ್ನಡದಲ್ಲಿ, ಎಚ್ಚರಿಕೆ ಇಂಗ್ಲಿಷಿನಲ್ಲಿ ಎಂಬ ಏರ್ಪಾಡು ಬರೀ ಅಸಭ್ಯವಲ್ಲ, ಮಾರ್ಗಸೂಚಿಗೂ ವಿರುದ್ಧ.

ಆದರೂ ಇಂಗ್ಲಿಷಿನ ಸಾಲೇ ಏಕೆ ಉಳಿದುಬಿಡುತ್ತದೆ? ಸೋಮಾರಿತನ ಒಂದು ಕಾರಣ, ತಾಂತ್ರಿಕ ಕಾರಣವೂ ಇದೆ. ಎಸ್ಎಂಎಸ್ ತೆಗೆದುಕೊಳ್ಳಿ. ಇಂಗ್ಲಿಷಿನ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡದಂಥ ಲಿಪಿಗೆ ಹಿಡಿಯುವುದು 70 ಮಾತ್ರ. ಅದರಲ್ಲೂ ಕಂಪ್ಯೂಟರು ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತುಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ‘ಫಂಡ್’ ಎಂಬುದು ಓದುಗರಿಗೆ ಎರಡು ಅಕ್ಷರದಂತೆ ಕಂಡರೂ ಯಂತ್ರಕ್ಕೆ ನಾಲ್ಕು. ಈ ಲೆಕ್ಕದಲ್ಲಿ ಕನ್ನಡದ ಎಚ್ಚರಿಕೆ ಸುಮಾರು 110 ಸ್ಥಾನ ನುಂಗುತ್ತದೆ, ಇಂಗ್ಲಿಷಿನದು 97. ಇಂಗ್ಲಿಷಿನಲ್ಲಿ ಮಾತು, ಎಚ್ಚರಿಕೆ ಎರಡೂ ಒಂದೇ ಸಂದೇಶದಲ್ಲಿ ಮುಗಿದರೆ ಕನ್ನಡದಲ್ಲಿ ಎಚ್ಚರಿಕೆಗೊಂದಕ್ಕೇ ಎರಡು ಸಂದೇಶದ ದುಡ್ಡು ತೆರಬೇಕು. ಲಕ್ಷಗಟ್ಟಲೆ ಜನಕ್ಕೆ ಕಳಿಸುವ ಕಂಪನಿಗೆ ಇದು ಗಮನಕ್ಕೆ ಬರುವ ಖರ್ಚೇ. ಆದರೆ ಖರ್ಚು ಉಳಿಸಬೇಕೆಂದರೆ ಮಾತನ್ನೂ ಇಂಗ್ಲಿಷಿನಲ್ಲೇ ಕಳಿಸಲಿ. ಕನ್ನಡದವರ ಕಿಸೆಗೆ ಕೈ ಚಾಚಲು ಕನ್ನಡ ಬೇಕು, ಅವರನ್ನು ಎಚ್ಚರಿಸಲು ಬೇಡ ಎನ್ನುವುದನ್ನು ಒಪ್ಪಲಾಗದು.

ಇನ್‌ಸ್ಟಾಗ್ರಾಮಿನಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಅಲ್ಲಿ ಕ್ಯಾಪ್ಶನ್ನಿನ ಮೊದಲ 125 ಸ್ಥಾನಗಳಷ್ಟು ಮಾತ್ರ ಕಾಣಿಸಿ, ಉಳಿದದ್ದು ‘ಇನ್ನಷ್ಟು’ ಎಂಬ ಗುಂಡಿಯ ಹಿಂದೆ ಅಡಗುತ್ತದೆ. ಎಚ್ಚರಿಕೆಗೇ 110 ಬೇಕು. ಅಂದರೆ ಆಕರ್ಷಕ ಸಾಲೊಂದನ್ನು ಮೊದಲು ಬರೆದರೆ ಎಚ್ಚರಿಕೆ ಗುಂಡಿಯ ಹಿಂದೆ ಹೋಗುತ್ತದೆ. ಎಚ್ಚರಿಕೆಯನ್ನೇ ಮೊದಲು ಬರೆದರೆ ಓದುಗರು ವಿಷಯ ತಿಳಿಯುವ ಮೊದಲೇ ಬೆರಳು ಸರಿಸಿ ಮುಂದೆ ಹೋಗುತ್ತಾರೆ. ಕಾಟಾಚಾರಕ್ಕೆ ಬರೆಯುವವರು ಇಲ್ಲಿ ಕೈಚೆಲ್ಲುತ್ತಾರೆ. ಆದರೆ ದಾರಿ ಇದೆ. ಎಚ್ಚರಿಕೆಯ ಪೂರ್ತಿ ಸಾಲು ಚಿತ್ರದೊಳಗೇ ಬರಬೇಕು. ಚಿತ್ರವನ್ನು ಯಾರೂ ಬಿಡಿಸಿ ನೋಡಬೇಕಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಯಾರಾದರೂ ಮುಂದೆ ಕಳಿಸಿದರೂ ಅದು ಚಿತ್ರದ ಜೊತೆಗೇ ಹೋಗುತ್ತದೆ. ಕ್ಯಾಪ್ಶನ್ನಿನಲ್ಲಿ ಮೊದಲ ವಾಕ್ಯವೇ ಅಪಾಯವನ್ನೂ ಹೇಳಬೇಕು, ಅದರ ಬೆನ್ನಿಗೆ ಅಧಿಕೃತ ಸಾಲು ಬರಬೇಕು.

ಹಾಗೆ ಮಾಡಿದಾಗ ಆ ವಿತರಕರ ಕ್ಯಾಪ್ಶನ್ ಹೀಗಾಗಬಹುದು: ‘ತಿಂಗಳಿಗೆ 5,000ದಂತೆ 20 ವರ್ಷ ಕಟ್ಟಿದರೆ ನೀವು ಹಾಕುವುದು 12 ಲಕ್ಷ. ಕೈಗೆ ಬರುವುದು ಅದಕ್ಕಿಂತ ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆ ಅಪಾಯಗಳಿಗೆ ಒಳಪಟ್ಟಿರುತ್ತವೆ, ಯೋಜನೆಗೆ ಸಂಬಂಧಿಸಿದ ಎಲ್ಲಾ ದಾಖಲೆಗಳನ್ನು ಗಮನವಿಟ್ಟು ಓದಿ. ಎಸ್ಐಪಿ ಹೇಗೆ ನಡೆಯುತ್ತದೆ ಎಂದು ಮುಂದಿನ ಚಿತ್ರದಲ್ಲಿ ನೋಡಿ.’ ಆಮೇಲೆ ವಿತರಕರ ಹೆಸರು, ಆಂಫಿಯಲ್ಲಿ ನೋಂದಾಯಿತ ಮ್ಯೂಚುವಲ್ ಫಂಡ್ ವಿತರಕರು ಎಂಬ ಗುರುತು, ಎಆರ್‌ಎನ್ ಸಂಖ್ಯೆ. ಹ್ಯಾಶ್‌ಟ್ಯಾಗು ಎರಡು ಸಾಕು.

ಇಲ್ಲಿ ‘ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು’ ಎಂಬುದು ಅಧಿಕೃತ ಸಾಲಿಗೆ ಸೇರಿಸಿದ ತಿದ್ದುಪಡಿಯಲ್ಲ. ಅದು ತಾನೇ ಒಂದು ವಾಕ್ಯ, ಮುಂಚೆಯೇ ಮುಗಿದಿದೆ. ಈ ವ್ಯತ್ಯಾಸ ದೊಡ್ಡದು. ಎಚ್ಚರಿಕೆ ಉದ್ದವಾಯಿತೆಂದು ‘ಮಾರುಕಟ್ಟೆ ಅಪಾಯ ಇದೆ, ಷರತ್ತು ಅನ್ವಯ’ ಎಂದು ಕತ್ತರಿಸುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಅದನ್ನು ಆಡುಮಾತಿಗೆ ತಿರುಗಿಸಿ ಬರೆಯುವವರೂ ಇದ್ದಾರೆ. ಎರಡೂ ತಪ್ಪೇ. ನಿಗದಿತ ಸಾಲು ನಿಗದಿತವಾಗಿಯೇ ಇರಬೇಕು. ಚಿಕ್ಕದಾಗಬೇಕಾದದ್ದು ಅದರ ಸುತ್ತಲಿನ ಮಾತು. ಅರ್ಥ ಬಿಡಿಸುವ ವಾಕ್ಯ ಬೇಕಿದ್ದರೆ ಪಕ್ಕದಲ್ಲಿ ಬರಲಿ.

ಅಂಥ ಬಿಡಿಸಿ ಹೇಳುವ ವಾಕ್ಯದ ಅಗತ್ಯವೂ ಇದೆ. ‘ಮಾರುಕಟ್ಟೆ ಅಪಾಯ’ ಎಂದರೆ ಸೆನ್ಸೆಕ್ಸ್ ಬೀಳುವುದು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಅದೂ ಸಣ್ಣದಲ್ಲ. 2020ರ ಜನವರಿ ಮಧ್ಯದಲ್ಲಿ 42,000ದ ಹತ್ತಿರವಿದ್ದ ಸೆನ್ಸೆಕ್ಸ್ ಕೊರೊನಾ ದಿಗಿಲಿನಲ್ಲಿ ಮಾರ್ಚ್ 23ಕ್ಕೆ 26,000ಕ್ಕಿಂತ ಕೆಳಗೆ ಮುಗಿಯಿತು. ಆ ಸೂಚ್ಯಂಕವನ್ನೇ ಹಿಂಬಾಲಿಸುವ ಫಂಡಿನಲ್ಲಿ 10,000 ಇಟ್ಟವರಿಗೆ ಎರಡೇ ತಿಂಗಳಲ್ಲಿ ಕಂಡದ್ದು ಸುಮಾರು 6,200. ಆದರೆ ಮರು ತಿಂಗಳು ಪೆಟ್ಟು ಬಿದ್ದದ್ದು ಷೇರಿಗೆ ಕೈಯನ್ನೇ ಹಾಕದವರಿಗೆ. ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್‌ಟನ್ ಸಂಸ್ಥೆ ಸಾಲಪತ್ರಗಳಲ್ಲಿ ಹಣ ತೊಡಗಿಸಿದ್ದ ತನ್ನ ಆರು ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. 25,000 ಕೋಟಿ ರೂಪಾಯಿಗೂ ಹೆಚ್ಚು ಹಣ ಅವುಗಳಲ್ಲಿತ್ತು. ಕೊಂಡಿಟ್ಟ ಸಾಲಪತ್ರಗಳನ್ನು ಆ ಹೊತ್ತಿನಲ್ಲಿ ಸರಿಯಾದ ಬೆಲೆಗೆ ಮಾರಲು ಗಿರಾಕಿಗಳಿರಲಿಲ್ಲ, ಹಣ ವಾಪಸು ಕೇಳುವವರು ಹೆಚ್ಚಿದ್ದರು. ಬೆಲೆ ಬೀಳುವ ಅಪಾಯ ಒಂದು, ಬೇಕಾದಾಗ ಹಣ ಕೈಗೆ ಸಿಗದಿರುವ ಅಪಾಯ ಇನ್ನೊಂದು ಎಂಬುದು ಅನೇಕರಿಗೆ ಅಂದೇ ತಿಳಿದದ್ದು. ಹೂಡಿಕೆದಾರರ ಒಪ್ಪಿಗೆ ಪಡೆಯದೆ ಯೋಜನೆ ಮುಚ್ಚುವಂತಿಲ್ಲ ಎಂದು ಆ ವರ್ಷದ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟ್. ಹಣ ಮುಂದೆ ಕಂತು ಕಂತಾಗಿ ಹೂಡಿಕೆದಾರರಿಗೆ ಬಂತು. ಆದರೆ ಆಸ್ಪತ್ರೆಗೋ ಶಾಲೆಯ ಶುಲ್ಕಕ್ಕೋ ಬೇಕಾದ ದಿನ ಬರಲಿಲ್ಲ.

ಹಾಗಾಗಿ ಸಾಲಪತ್ರ ಫಂಡಿನ ಬಗ್ಗೆ ಅರಿವಿನ ಕ್ಯಾಪ್ಶನ್ ಬರೆಯುವವರು ಅಧಿಕೃತ ಸಾಲಿನ ಮುಂಚೆ ‘ಬೇಕೆಂದ ದಿನವೇ ಹಣ ಸಿಗದಿರಬಹುದು’ ಎಂಬ ಒಂದು ವಾಕ್ಯ ಬರೆದರೆ ಅದು ನೂರು ದಾಖಲೆ ಓದಿ ಎನ್ನುವುದಕ್ಕಿಂತ ಉಪಕಾರ. ನಿರ್ದಿಷ್ಟ ಯೋಜನೆಯ ಮಾತಾದರೆ ರಿಸ್ಕೋಮೀಟರ್ ಕೂಡ ಕಾಣಬೇಕು. ಕಡಿಮೆಯಿಂದ ಅತಿ ಹೆಚ್ಚಿನವರೆಗೆ ಆರು ಮಟ್ಟಗಳಿರುವ ಈ ಅರ್ಧಚಕ್ರದ ಚಿತ್ರದಲ್ಲಿ ಆರನೆಯದಾದ ‘ಅತಿ ಹೆಚ್ಚು’ ಎಂಬುದು ಸೇರಿದ್ದು 2021ರ ಜನವರಿಯಿಂದ. ಯೋಜನೆಯೊಳಗೆ ಈಗ ನಿಜಕ್ಕೂ ಏನಿದೆ ಎಂಬುದನ್ನು ನೋಡಿ ತಿಂಗಳಿಗೊಮ್ಮೆ ಮುಳ್ಳನ್ನು ಹೊಂದಿಸಬೇಕೆಂಬ ನಿಯಮವೂ ಆಗಲೇ ಬಂತು. ಮುಳ್ಳು ಜಾಗ ಬದಲಿಸಬಹುದು. ಕಳೆದ ವರ್ಷದ ಚಿತ್ರವನ್ನೇ ಈ ವರ್ಷದ ಪೋಸ್ಟಿಗೆ ಅಂಟಿಸುವುದು ಈ ಕಾರಣಕ್ಕೇ ಅಪಾಯಕಾರಿ.

ವಿಮೆಯ ಕಡೆಗೆ ಬಂದರೆ, ಯುಲಿಪ್ ಎಂಬ ಹೂಡಿಕೆ ಬೆರೆತ ಪಾಲಿಸಿಗಳಿಗೆ ವಿಮಾ ನಿಯಂತ್ರಕ ಐಆರ್‌ಡಿಎಐ ನಿಗದಿ ಮಾಡಿದ ಸಾಲು ಮ್ಯೂಚುವಲ್ ಫಂಡಿನದ್ದಕ್ಕಿಂತ ಚೆನ್ನಾಗಿದೆ. ಕನ್ನಡದಲ್ಲಿ ಅದರ ಸಾರ ಇಷ್ಟು: ಈ ಪಾಲಿಸಿಯ ಹೂಡಿಕೆಯಲ್ಲಿರುವ ಅಪಾಯವನ್ನು ಪಾಲಿಸಿದಾರರೇ ಹೊರಬೇಕು. ಅಪಾಯ ಯಾರ ತಲೆಯ ಮೇಲೆ ಎಂಬುದು ಇಲ್ಲಿ ಬಚ್ಚಿಟ್ಟಿಲ್ಲ. ‘ಒಳಪಟ್ಟಿರುತ್ತವೆ’ ಎನ್ನುವ ವಾಕ್ಯದಲ್ಲಿ ನಷ್ಟ ಯಾರಿಗೆ ಎಂಬುದೇ ಕಾಣುವುದಿಲ್ಲ. ಇದರ ಜೊತೆಗೆ ಇನ್ನೊಂದು ಕಡ್ಡಾಯ ಮಾತಿದೆ. ಮೊದಲ ಐದು ವರ್ಷ ಈ ಪಾಲಿಸಿಯಿಂದ ಹಣವನ್ನು ಪೂರ್ತಿಯಾಗಲಿ ಭಾಗಶಃ ಆಗಲಿ ತೆಗೆಯಲಾಗದು. ಮಾರುವಾಗ ‘ವಿಮೆಯೂ ಆಯಿತು, ಉಳಿತಾಯವೂ ಆಯಿತು’ ಎಂಬ ಮಾತು ಮೇಲಿರುತ್ತದೆ, ಈ ಎರಡು ಸಾಲು ಕರಪತ್ರದ ಅಂಚಿನಲ್ಲಿರುತ್ತವೆ. ಒಳ್ಳೆಯ ಕ್ಯಾಪ್ಶನ್ ಈ ಸಂಗತಿಯನ್ನೇ ವಿಷಯ ಮಾಡಿಕೊಳ್ಳಬೇಕು: ‘ಯುಲಿಪ್‌ಗೆ ಹಾಕಿದ ಹಣ ಐದು ವರ್ಷ ಕೈಗೆ ಸಿಗದು. ಅಷ್ಟು ಕಾಲ ಈ ಹಣವಿಲ್ಲದೆ ನಡೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.’ ಅದರ ಕೆಳಗೆ ನಿಗದಿತ ಸಾಲುಗಳು ಯಥಾವತ್ತಾಗಿ. ಆಗ ಎಚ್ಚರಿಕೆ ಅಂಚಿಗೆ ಹೋಗಲು ಜಾಗವೇ ಇರುವುದಿಲ್ಲ.

ಕೊನೆಗೆ ಅಕ್ಷರದ ಗಾತ್ರ, ಬಣ್ಣ. ಹಳದಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ತಿಳಿಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರ ಹಾಕಿದರೆ ಎಚ್ಚರಿಕೆ ಇದ್ದೂ ಇಲ್ಲದಂತೆ. ಕನ್ನಡಕ್ಕೆ ಇನ್ನೊಂದು ಕಷ್ಟವಿದೆ. ಇಂಗ್ಲಿಷಿನ ಅಕ್ಷರ ಕಿರಿದಾದರೂ ಆಕಾರ ಉಳಿಯುತ್ತದೆ. ಕನ್ನಡದಲ್ಲಿ ಗಾತ್ರ ಇಳಿದಂತೆ ಒತ್ತಕ್ಷರಗಳು ಮೊದಲು ಕೆಡುತ್ತವೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ‘ಮಾರುಕಟ್ಟೆ’ಯ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಎರಡೂ ಗೋಜಲಾಗುತ್ತವೆ. ಇಂಗ್ಲಿಷ್ ಪೋಸ್ಟರಿನ ಅಳತೆಯಲ್ಲೇ ಕನ್ನಡವನ್ನು ಕೂರಿಸಿದಾಗ ಆಗುವ ಅನಾಹುತ ಇದು. ಪರೀಕ್ಷೆ ಸುಲಭ. ಪೋಸ್ಟ್ ಹಾಕುವ ಮೊದಲು ಸಾಧಾರಣ ಮೊಬೈಲಿನಲ್ಲಿ, ಅಂಗಳದ ಬಿಸಿಲಿನಲ್ಲಿ, ಚಾಳೀಸು ದಾಟಿದವರೊಬ್ಬರಿಗೆ ಚಿತ್ರವನ್ನು ಹಿಗ್ಗಿಸದೆ ತೋರಿಸಬೇಕು. ಓದಿಸಿ, ‘ಇದರಲ್ಲಿ ಹಣ ಕಡಿಮೆಯಾದರೆ ಯಾರು ತುಂಬಿಕೊಡುತ್ತಾರೆ?’ ಎಂದು ಕೇಳಬೇಕು. ‘ಕಂಪನಿಯವರು’ ಎಂಬ ಉತ್ತರ ಬಂದರೆ ಎಚ್ಚರಿಕೆ ಕಂಡಿದೆ, ಮುಟ್ಟಿಲ್ಲ. ಆಗ ಬದಲಾಗಬೇಕಾದದ್ದು ಅದರ ಸುತ್ತಲಿನ ಬರಹ.

ಓದುಗರ ಕಡೆಯಿಂದಲೂ ಮಾಡಬಹುದಾದದ್ದಿದೆ. ಆಸೆ ಕನ್ನಡದಲ್ಲಿದ್ದು ಎಚ್ಚರಿಕೆ ಇಂಗ್ಲಿಷಿನಲ್ಲೋ ‘ಇನ್ನಷ್ಟು’ ಗುಂಡಿಯ ಹಿಂದೆಯೋ ಇರುವ ಪೋಸ್ಟ್ ಕಂಡರೆ, ಗುಂಡಿ ಒತ್ತುವ ಮೊದಲೇ ಒಂದು ಸ್ಕ್ರೀನ್‌ಶಾಟ್ ತೆಗೆಯಬೇಕು, ಒತ್ತಿದ ಮೇಲೆ ಇನ್ನೊಂದು. ದಿನಾಂಕ, ಖಾತೆಯ ಹೆಸರು ಕಾಣುವಂತಿರಲಿ. ಮ್ಯೂಚುವಲ್ ಫಂಡಿನದಾದರೆ ಸೆಬಿಯ ಸ್ಕೋರ್ಸ್ ತಾಣ, ವಿಮೆಯದಾದರೆ ಐಆರ್‌ಡಿಎಐನ ಬಿಮಾ ಭರೋಸಾ, ಯಾವುದೇ ಜಾಹೀರಾತಿನ ದೂರಾದರೂ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ ಇವೆ. ದೂರಿನಲ್ಲಿ ‘ಮೋಸ’ ಎಂದಷ್ಟೇ ಬರೆದರೆ ಅದು ಮುಂದಕ್ಕೆ ಹೋಗುವುದು ಕಷ್ಟ. ಹೇಳಿಕೆ ಕನ್ನಡದಲ್ಲಿದೆ, ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಮೊದಲ ನೋಟಕ್ಕೆ ಅದು ಕಾಣುವುದಿಲ್ಲ ಎಂದು ಮೂರು ಸಂಗತಿಯನ್ನು ಬಿಡಿಬಿಡಿಯಾಗಿ ಬರೆದು ಎರಡು ಚಿತ್ರಗಳನ್ನು ಲಗತ್ತಿಸಿದರೆ ಪರಿಶೀಲಿಸುವವರಿಗೆ ಬೇಕಾದದ್ದೆಲ್ಲ ಅದರಲ್ಲೇ ಸಿಗುತ್ತದೆ.